ಕೇಸ್ ಶೀಟ್ ಹೇಳುವ ಸಾಕ್ಷಿ

2002ರ ಜುಲೈ 20ರಂದು ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಮಹಿಳೆಯೊಬ್ಬರು ದಾಖಲಾದರು. ಬಿಟ್ಟು ಬಿಟ್ಟು ಬರುವ ಜ್ವರ, ಜೊತೆಗೆ ನಡುಕ ಹುಟ್ಟಿಸುವ ಚಳಿ. ಅವರ ಗಂಡ ಮಲೇರಿಯಾ ಇಲಾಖೆಯಲ್ಲೇ ಅಧಿಕಾರಿ. ಆಸ್ಪತ್ರೆಯವರು ಟೈಫಾಯ್ಡ್‌ಗೆ ಚಿಕಿತ್ಸೆ ಕೊಟ್ಟರು. ನಾಲ್ಕು ದಿನ ಕಳೆದು ಬೇರೆ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಜೀವ ಹೋದಂತೆಯೇ ಆಗಿತ್ತು. ಅಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಕಂಡದ್ದು ಮಲೇರಿಯಾ ರೋಗಾಣು. ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆ ನೆಗೆಟಿವ್ ಬಂತು.

ಜಿಲ್ಲಾ ಗ್ರಾಹಕರ ವೇದಿಕೆ ಗಂಡನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ರಾಜ್ಯ ಆಯೋಗ ಅದನ್ನು ರದ್ದು ಮಾಡಿತು. ತಜ್ಞ ವೈದ್ಯರ ಅಭಿಪ್ರಾಯ ಹಾಜರುಪಡಿಸಿಲ್ಲ ಎಂಬುದು ಅದು ಕೊಟ್ಟ ಕಾರಣ. ರಾಷ್ಟ್ರೀಯ ಆಯೋಗವೂ ಅದನ್ನೇ ಒಪ್ಪಿತು. 2010ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆಯ ಆದೇಶವನ್ನೇ ಎತ್ತಿಹಿಡಿಯಿತು. ಎಲ್ಲ ಪ್ರಕರಣಕ್ಕೂ ತಜ್ಞರ ಅಭಿಪ್ರಾಯ ಬೇಕೇ ಬೇಕು ಎಂಬ ನಿಯಮವಿಲ್ಲ, ಇಲ್ಲಿ ದಾಖಲೆಗಳೇ ಮಾತಾಡುತ್ತಿವೆ ಎಂದಿತು.

ದೂರು ನಿಲ್ಲುವುದೂ ಬೀಳುವುದೂ ಆ ದಾಖಲೆಗಳ ಮೇಲೆಯೇ. ಬಹಳ ಮನೆಗಳಲ್ಲಿ ಉಳಿದಿರುವುದು ಡಿಸ್ಚಾರ್ಜ್ ಸಮರಿ ಮತ್ತು ಬಿಲ್ಲು ಮಾತ್ರ. ಅಷ್ಟು ಸಾಲದು. ಡಿಸ್ಚಾರ್ಜ್ ಸಮರಿ ಕೊನೆಗೆ ಬರೆದ ಸಾರಾಂಶ. ನಡೆದದ್ದು ನಡೆದ ಗಳಿಗೆಯಲ್ಲಿ ದಾಖಲಾಗುವುದು ಕೇಸ್ ಶೀಟಿನಲ್ಲಿ: ವೈದ್ಯರ ದಿನದಿನದ ಟಿಪ್ಪಣಿ, ನರ್ಸ್‌ಗಳು ಬರೆದ ಬಿ.ಪಿ., ನಾಡಿ, ಜ್ವರದ ಚಾರ್ಟ್, ಯಾವ ಔಷಧ ಯಾವ ಗಂಟೆಗೆ ಕೊಟ್ಟರೆಂಬ ಪಟ್ಟಿ, ಲ್ಯಾಬ್ ವರದಿಗಳು, ಶಸ್ತ್ರಚಿಕಿತ್ಸೆಯಾಗಿದ್ದರೆ ಅರಿವಳಿಕೆಯ ಟಿಪ್ಪಣಿ ಮತ್ತು ಒಪ್ಪಿಗೆ ಪತ್ರ. ರಾತ್ರಿ 11ಕ್ಕೆ ಬಿ.ಪಿ. ಕುಸಿದಿದೆ ಎಂದು ನರ್ಸ್ ಬರೆದು, ವೈದ್ಯರ ಮುಂದಿನ ಟಿಪ್ಪಣಿ ಬೆಳಿಗ್ಗೆ 6ಕ್ಕೆ ಇದ್ದರೆ, ನಡುವಿನ ಏಳು ಗಂಟೆಗೆ ಆಸ್ಪತ್ರೆ ಉತ್ತರ ಕೊಡಬೇಕಾಗುತ್ತದೆ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯಂತೆ, ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ಬಾಯಲ್ಲಿ ಕೇಳದೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಇನ್ನು ತಜ್ಞರ ಅಭಿಪ್ರಾಯ ಯಾವಾಗ ಬೇಕು? ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದಿದ್ದರೆ, ಎಡಗಾಲಿನ ಬದಲು ಬಲಗಾಲಿಗೆ ಆಪರೇಷನ್ ಮಾಡಿದ್ದರೆ ಯಾರಿಗಾದರೂ ತಪ್ಪು ಕಾಣುತ್ತದೆ. ಆದರೆ ಎರಡು ಚಿಕಿತ್ಸಾ ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡದ್ದು ಸರಿಯೇ, ಬೇಗ ಆಪರೇಷನ್ ಆಗಿದ್ದರೆ ಜೀವ ಉಳಿಯುತ್ತಿತ್ತೇ ಎಂಬ ಪ್ರಶ್ನೆಗಳಿಗೆ ಅದೇ ವಿಭಾಗದ ವೈದ್ಯರೇ ಉತ್ತರಿಸಬೇಕು. ಅರಿವಳಿಕೆಯ ತಪ್ಪಿಗೆ ಅರಿವಳಿಕೆ ತಜ್ಞರೇ ಬೇಕು. ಅವರ ವರದಿಯಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು: ಸಾಮಾನ್ಯ ಎಚ್ಚರವುಳ್ಳ ವೈದ್ಯರು ಏನು ಮಾಡುತ್ತಿದ್ದರು, ಇಲ್ಲಿ ಏನು ಮಾಡಲಿಲ್ಲ, ಹಾನಿಯಾದದ್ದು ಅದರಿಂದಲೇ ಹೌದೇ. ರೋಗಿ ಗುಣವಾಗಲಿಲ್ಲ ಅಥವಾ ತೀರಿಕೊಂಡರು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಹೆಚ್ಚಿನ ದೂರುಗಳು ಸೋಲುವುದು ಮೂರನೆಯ ಕೊಂಡಿ ಕಳಚಿದಾಗ.

ಪರಿಹಾರವನ್ನು ಒಂದೇ ದೊಡ್ಡ ಮೊತ್ತವಾಗಿ ಕೇಳಬಾರದು, ಬಾಬುವಾರು ಲೆಕ್ಕ ಕೊಡಬೇಕು. 38 ವರ್ಷದ ಮಹಿಳೆಯೊಬ್ಬರು ಹೊಲಿಗೆಯಿಂದ ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದರು, ಗಂಡ ಮತ್ತು ಇಬ್ಬರು ಮಕ್ಕಳು ಆ ದುಡಿಮೆಯನ್ನು ಅವಲಂಬಿಸಿದ್ದರು ಎಂದಿಟ್ಟುಕೊಳ್ಳಿ. ವರ್ಷದ ಆದಾಯ 2,40,000. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 1,60,000. ಮೋಟಾರು ಅಪಘಾತ ಪ್ರಕರಣಗಳಲ್ಲಿ ಈ ವಯಸ್ಸಿಗೆ ಬಳಸುವ ಗುಣಕ 15. ಅಲ್ಲಿಗೆ ಕುಟುಂಬ ಕಳೆದುಕೊಂಡ ಆದಾಯ 24 ಲಕ್ಷ. ಆದರೆ ಈ ಸೂತ್ರಕ್ಕೇ ಕಟ್ಟುಬೀಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಕೋಲ್ಕತ್ತದ ಒಂದು ಪ್ರಕರಣದಲ್ಲಿ ಹೇಳಿದೆ. ಆಸ್ಪತ್ರೆಯ ಬಿಲ್ಲು, ಬೇರೆ ಆಸ್ಪತ್ರೆಗೆ ಕೊಟ್ಟ ಹಣ, ಓಡಾಟ, ಅನುಭವಿಸಿದ ನೋವು, ತಾಯಿಯ ಪ್ರೀತಿ ಕಳೆದುಕೊಂಡ ಮಕ್ಕಳ ನಷ್ಟ, ಅಂತ್ಯಕ್ರಿಯೆ, ಬಡ್ಡಿ, ದಾವೆಯ ಖರ್ಚು ಇವೆಲ್ಲ ಬೇರೆ ಬೇರೆ ಬಾಬುಗಳು. ರೋಗಿ ಬದುಕಿದ್ದು ಅಂಗವಿಕಲರಾಗಿದ್ದರೆ ಮುಂದಿನ ಚಿಕಿತ್ಸೆ ಮತ್ತು ಆರೈಕೆಯ ವೆಚ್ಚವೂ ಸೇರಬೇಕು. ಪ್ರತಿ ಬಾಬಿಗೂ ಒಂದು ರಸೀದಿ ಅಥವಾ ಸಾಕ್ಷ್ಯ ಜೋಡಿಸಿ.

ಯಾವ ಆಯೋಗಕ್ಕೆ ಹೋಗಬೇಕೆಂಬುದನ್ನು ಕೇಳುವ ಪರಿಹಾರ ತೀರ್ಮಾನಿಸುವುದಿಲ್ಲ. ಚಿಕಿತ್ಸೆಗೆ ಕೊಟ್ಟ ಹಣ ತೀರ್ಮಾನಿಸುತ್ತದೆ. ಅದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಇರುವ ಅವಧಿ 2 ವರ್ಷ. ದುಃಖ ಆರಲಿ ಎಂದು ಕಾಯುವುದರಲ್ಲೇ ಬಹಳ ಜನರ ಅವಧಿ ಕಳೆದುಹೋಗುತ್ತದೆ. ಅನುಮಾನವಿದ್ದರೆ ವಕೀಲರನ್ನು ಆಮೇಲೆ ನೋಡಿ, ಕೇಸ್ ಶೀಟಿಗೆ ಅರ್ಜಿಯನ್ನು ಇವತ್ತೇ ಕೊಡಿ.