ಅಕ್ಕನ ಅಂಕಿಗಳು, ತಂಗಿಯ ಪ್ರಬಂಧ

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯಲು ಕೂತಾಗ ಅನೇಕ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಅದೇ ಲ್ಯಾಬಿನ ಇನ್ನೊಬ್ಬರು ಅಳೆದಿಟ್ಟಿರುವ, ಇನ್ನೂ ಎಲ್ಲಿಯೂ ಅಚ್ಚಾಗದ ಅಂಕಿಗಳು ತಮ್ಮ ಕೆಲಸಕ್ಕೆ ಬೇಕಾಗಿವೆ. ಬಳಸಿದರೆ ಅವರ ಹೆಸರನ್ನು ಎಲ್ಲಿ, ಹೇಗೆ ಹೇಳಬೇಕು? ಯಾರನ್ನು ಕೇಳಬೇಕೆಂದು ತಿಳಿಯದೆ, ಕೊನೆಯ ಪುಟದಲ್ಲಿ ಒಂದು ಸಾಲಿನ ಧನ್ಯವಾದ ಬರೆದು ಮುಗಿಸುವವರೇ ಹೆಚ್ಚು. ಕೇಳುವುದಾದರೆ ಹೇಗೆ ಕೇಳಬೇಕು ಎಂದು ತೋರಿಸಲು ಇಲ್ಲೊಂದು ಪತ್ರ ಕೊಡುತ್ತಿದ್ದೇನೆ. ಇದನ್ನು ಬರೆದ ವಿದ್ಯಾರ್ಥಿನಿಯೂ ಇದರಲ್ಲಿನ ಬಾವಿಗಳ ಅಳತೆಯೂ ಉದಾಹರಣೆಗಾಗಿ ಕಲ್ಪಿಸಿಕೊಂಡವು. ತುಮಕೂರು ಜಿಲ್ಲೆಯ ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಮಾತ್ರ ನಿಜ.

“ಗೌರವಾನ್ವಿತ ಮೇಡಂ ಅವರಿಗೆ ನಮಸ್ಕಾರಗಳು. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದ ವಿಷಯವಾಗಿ ನಿಮ್ಮ ಸಲಹೆ ಬೇಕಿತ್ತು. ಪಾವಗಡ ತಾಲ್ಲೂಕಿನ 22 ಕೊಳವೆಬಾವಿಗಳ ನೀರನ್ನು ನಾನು ನವೆಂಬರಿನಲ್ಲಿ, ಮಳೆಗಾಲ ಮುಗಿದ ಮೇಲೆ, ಅಳೆದಿದ್ದೇನೆ. ಇದೇ ಬಾವಿಗಳ ಮೇ ತಿಂಗಳ ಅಳತೆ ನಮ್ಮ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಅಕ್ಕನ ಫೈಲಿನಲ್ಲಿದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಅದನ್ನು ನೋಡಿದ್ದೇನೆ, ಇನ್ನೂ ಬಳಸಿಲ್ಲ. ಮಳೆಗೆ ಮುಂಚಿನ ಅಂಕಿಗಳನ್ನು ನನ್ನವುಗಳ ಪಕ್ಕದಲ್ಲಿಟ್ಟು ಒಂದು ಕೋಷ್ಟಕ ಮಾಡಬೇಕೆಂದಿದ್ದೇನೆ. ಅಕ್ಕನನ್ನು ನಾನೇ ನೇರವಾಗಿ ಕೇಳಬಹುದೇ? ಅವರು ಒಪ್ಪಿದರೆ ಅವರ ಹೆಸರು ಕೋಷ್ಟಕದ ಕೆಳಗೆ ಬರಬೇಕೋ, ವಿಧಾನದ ಭಾಗದಲ್ಲೋ, ಕೃತಜ್ಞತೆಯ ಪುಟದಲ್ಲೋ? ಈ ಅಧ್ಯಾಯ ಮುಂದೆ ಲೇಖನವಾದರೆ ಅವರು ಸಹಲೇಖಕರಾಗಬೇಕೇ? ಅವರ ಥೀಸಿಸ್‌ಗಿಂತ ಮೊದಲು ಈ ಅಂಕಿಗಳು ನನ್ನ ಪ್ರಬಂಧದಲ್ಲಿ ಬಂದರೆ ಅವರಿಗೆ ತೊಂದರೆಯಾಗುತ್ತದೆಯೇ ಎಂಬುದೂ ನನಗೆ ತಿಳಿಯದು. ದಯವಿಟ್ಟು ತಿಳಿಸಿ.”

ಈ ಪತ್ರದಲ್ಲಿ ಬಹಳ ಬೆಲೆಯುಳ್ಳ ಮಾತು ‘ನೋಡಿದ್ದೇನೆ, ಇನ್ನೂ ಬಳಸಿಲ್ಲ’ ಎಂಬುದು. ಅನುಮತಿ ಕೇಳುವುದಕ್ಕೆ ಸರಿಯಾದ ಹೊತ್ತು ಅದೇ. ಕೋಷ್ಟಕ ಸಿದ್ಧವಾಗಿ, ಅದರ ಮೇಲೆ ವಾದವೂ ಕಟ್ಟಿಯಾದ ಮೇಲೆ ಕೇಳಿದರೆ ಎದುರಿನವರಿಗೆ ‘ಬೇಡ’ ಎನ್ನುವ ಅವಕಾಶ ಉಳಿದಿರುವುದಿಲ್ಲ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ ಎಂಬುದನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ. ಅಚ್ಚಾದ ಲೇಖನವನ್ನು ಯಾರನ್ನೂ ಕೇಳದೆ ಉಲ್ಲೇಖಿಸಬಹುದು, ಏಕೆಂದರೆ ಬರೆದವರು ಅದನ್ನು ಲೋಕದ ಮುಂದೆ ಇಟ್ಟಿದ್ದಾರೆ. ಅಚ್ಚಾಗದ ಅಂಕಿಗಳನ್ನು ಯಾವಾಗ, ಯಾವ ರೂಪದಲ್ಲಿ ಹೊರಗಿಡಬೇಕೆಂದು ತೀರ್ಮಾನಿಸುವ ಹಕ್ಕು ಅಳೆದವರ ಕೈಯಲ್ಲೇ ಇರುತ್ತದೆ.

ಗೈಡ್ ‘ಆಗಲಿ’ ಎಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅನುದಾನ ಗೈಡ್ ತಂದದ್ದಿರಬಹುದು, ಲ್ಯಾಬಿನ ದಾಖಲೆಗಳು ಸಂಸ್ಥೆಗೆ ಸೇರಿದ್ದಿರಬಹುದು, ಆ ಕಾರಣಕ್ಕೆ ಅವರ ಒಪ್ಪಿಗೆಯೂ ಬೇಕು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಪಾಲಿಥೀನ್ ಬಾಟಲಿ ಹಿಡಿದು ಊರೂರು ತಿರುಗಿ ನೀರು ತಂದವರು ಆ ಅಕ್ಕ. ಗೈಡ್ ಮೂಲಕ ಕೇಳಿಸಿದರೆ ಆಕೆಗೆ ‘ಆಗಲ್ಲ’ ಎನ್ನಲು ಬಾಯಿ ಬಾರದು. ಆದ್ದರಿಂದ ಒಳ್ಳೆಯ ಗೈಡ್ ಈ ಪತ್ರಕ್ಕೆ ‘ನನ್ನ ಅಭ್ಯಂತರವಿಲ್ಲ, ನೀನೇ ಹೋಗಿ ಕೇಳಮ್ಮ, ಅವಳು ಏನು ಹೇಳುತ್ತಾಳೋ ಅದರಂತೆ ಮಾಡೋಣ’ ಎಂದು ಉತ್ತರಿಸುತ್ತಾರೆ.

ನೇರವಾಗಿ ಕೇಳುವುದರಿಂದ ವಿಜ್ಞಾನಕ್ಕೆ ಆಗುವ ಲಾಭವೂ ಇದೆ. ನಮ್ಮ ಉದಾಹರಣೆಯಲ್ಲಿ 22 ಬಾವಿಗಳ ಸರಾಸರಿ ಫ್ಲೋರೈಡ್ ಮೇ ತಿಂಗಳಲ್ಲಿ ಲೀಟರಿಗೆ 1.6 ಮಿಲಿಗ್ರಾಂ, ನವೆಂಬರಿನಲ್ಲಿ 1.9 ಎಂದಿಟ್ಟುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಫೈಲಿನಿಂದ ಅಂಕಿ ಎತ್ತಿಕೊಂಡ ವಿದ್ಯಾರ್ಥಿನಿ ‘ಮಳೆಯ ನೀರು ಬಂಡೆಯೊಳಗೆ ಇಳಿದು ಫ್ಲೋರೈಡ್ ಹೆಚ್ಚಿಸಿದೆ’ ಎಂದು ಬರೆದುಬಿಡುತ್ತಿದ್ದಳು. ಅಕ್ಕನ ಹತ್ತಿರ ಕೂತು ಮಾತಾಡಿದಾಗ ಬೇರೆಯೇ ಸಂಗತಿ ಹೊರಬಂತು. ತಂಗಿ ಅಳೆದದ್ದು ಫ್ಲೋರೈಡ್ ಎಲೆಕ್ಟ್ರೋಡಿನಿಂದ. ಅಕ್ಕ ಅಳೆದದ್ದು ಸ್ಪ್ಯಾಡ್ನ್ಸ್ ಎಂಬ ಬಣ್ಣದ ವಿಧಾನದಿಂದ, ಅದೂ ನೀರನ್ನು ಬಟ್ಟಿ ಇಳಿಸದೆ. ಆ ವಿಧಾನದಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಬಣ್ಣ ತಿಳಿಯಾಗುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಅಳತೆಯನ್ನು ತಗ್ಗಿಸುತ್ತದೆ. ಎಲೆಕ್ಟ್ರೋಡಿಗೆ ಮುಂಚೆ ನೀರಿಗೆ ಬೆರೆಸುವ ದ್ರಾವಣ ಆ ಹಿಡಿತವನ್ನು ಬಿಡಿಸುತ್ತದೆ. ಹಾಗಾದರೆ ಆ 0.3ರ ವ್ಯತ್ಯಾಸ ಮಳೆಯಿಂದ ಬಂದದ್ದೋ, ವಿಧಾನದಿಂದ ಬಂದದ್ದೋ? ಅಕ್ಕ ಬಾಟಲಿಗಳಲ್ಲಿ ಉಳಿಸಿಟ್ಟ ಕೆಲವು ಮಾದರಿಗಳನ್ನು ಎಲೆಕ್ಟ್ರೋಡಿನಲ್ಲಿ ಮತ್ತೆ ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ. ಎಕ್ಸೆಲ್ ಫೈಲಿನ ಯಾವ ಕಾಲಮ್ಮಿನಲ್ಲೂ ಈ ವಿಷಯ ಇರಲಿಲ್ಲ.

ಹಾಗಾಗಿ ಅಚ್ಚಾಗದ ದತ್ತಾಂಶಕ್ಕೆ ಕೊಡುವ ಮನ್ನಣೆ ಎಂದರೆ ಹೆಸರಿನ ಜೊತೆಗೆ ಯಾರು, ಯಾವಾಗ, ಯಾವ ವಿಧಾನದಿಂದ ಅಳೆದರು ಎಂಬ ವಿವರವೂ ಸೇರಬೇಕು. ಅಂಕಿಗಳಿರುವ ಜಾಗದಲ್ಲೇ ಅದು ಕಾಣಬೇಕು. ಕೋಷ್ಟಕದ ಕೆಳಗೆ ಹೀಗೆ ಬರೆಯಬಹುದು: ‘ಮೇ ತಿಂಗಳ ಮೌಲ್ಯಗಳು ಇಂಥವರ ಅಪ್ರಕಟಿತ ದತ್ತಾಂಶ. ಇಂಥ ದಿನಾಂಕದ ಫೈಲಿನಿಂದ, ಅವರ ಲಿಖಿತ ಅನುಮತಿಯೊಂದಿಗೆ. ಅಳತೆ ಸ್ಪ್ಯಾಡ್ನ್ಸ್ ವಿಧಾನದಲ್ಲಿ, ಬಟ್ಟಿ ಇಳಿಸದೆ. ನವೆಂಬರ್ ಮೌಲ್ಯಗಳು ಲೇಖಕಿಯವು, ಎಲೆಕ್ಟ್ರೋಡ್ ವಿಧಾನದಲ್ಲಿ.’ ಫೈಲಿನ ದಿನಾಂಕ ಏಕೆ ಬೇಕೆಂದರೆ, ಅಕ್ಕ ನಾಳೆ ಯಾವುದೋ ಬಾವಿಯ ಅಂಕಿಯನ್ನು ತಿದ್ದಬಹುದು. ಆಗ ಎರಡು ಪ್ರಬಂಧಗಳಲ್ಲಿ ಎರಡು ಅಂಕಿ ಕಂಡವರಿಗೆ ಗೊಂದಲವಾಗಬಾರದು. ವಿಧಾನದ ಭಾಗದಲ್ಲೂ ಇದನ್ನು ಹೇಳಬೇಕು. ಕೃತಜ್ಞತೆಯ ಪುಟದಲ್ಲಿ ನೆನೆಯುವುದು ಒಳ್ಳೆಯದೇ, ಆದರೆ ಅದೊಂದೇ ಸಾಲದು. ಆ ಪುಟದಲ್ಲಿ ಅಪ್ಪ ಅಮ್ಮ, ಹಾಸ್ಟೆಲ್ ಗೆಳತಿಯರು ಎಲ್ಲರೂ ಇರುತ್ತಾರೆ. ಯಾವ ಅಂಕಿ ಯಾರದೆಂದು ಅದರಿಂದ ಗೊತ್ತಾಗುವುದಿಲ್ಲ.

ಪ್ರಬಂಧದ ಕೊನೆಯ ಉಲ್ಲೇಖಗಳ ಪಟ್ಟಿಗೆ ಇಂಥ ದತ್ತಾಂಶವನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ, ಏಕೆಂದರೆ ಓದುಗರು ಹುಡುಕಿ ತೆಗೆಯಬಹುದಾದವುಗಳಿಗೆ ಆ ಪಟ್ಟಿ ಮೀಸಲು. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ಮಾತು ಇಲ್ಲಿ ಉಪಯುಕ್ತ. ಖಾಸಗಿಯಾಗಿ ತಿಳಿದ ಮಾಹಿತಿಯನ್ನು ತೀರಾ ಅಗತ್ಯವಿದ್ದರೆ ಮಾತ್ರ ಬಳಸಿ, ಹೆಸರು ಮತ್ತು ದಿನಾಂಕವನ್ನು ಬರಹದೊಳಗೇ ಕೊಡಿ, ಕೊಟ್ಟವರಿಂದ ಲಿಖಿತ ಅನುಮತಿ ಪಡೆಯಿರಿ, ಮಾಹಿತಿ ಸರಿಯಾಗಿದೆ ಎಂದು ಅವರಿಂದಲೇ ಖಚಿತಪಡಿಸಿಕೊಳ್ಳಿ ಎನ್ನುತ್ತದೆ ಆ ಸಮಿತಿ. ಪಟ್ಟಿಯಲ್ಲೇ ಸೇರಿಸಬೇಕೆಂದಿದ್ದರೆ ಅಕ್ಕ ತನ್ನ ಫೈಲನ್ನು ಜೆನೊಡೊದಂಥ ದತ್ತಾಂಶ ಭಂಡಾರಕ್ಕೆ ಸೇರಿಸಬಹುದು. ಸರ್ನ್ ಸಂಸ್ಥೆ ನಡೆಸುವ ಈ ಭಂಡಾರ ಸೇರಿಸಿದ ಪ್ರತಿ ದಾಖಲೆಗೂ ಡಿಓಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತದೆ. ಫೈಲನ್ನು ಕೆಲಕಾಲ ಮುಚ್ಚಿಡುವ ಅವಕಾಶವೂ ಇದೆ. ಆಗ ದತ್ತಾಂಶ ಅಕ್ಕನ ಹೆಸರಿನಲ್ಲಿ ದಿನಾಂಕ ಸಮೇತ ದಾಖಲಾಗುತ್ತದೆ, ತಂಗಿ ಅದನ್ನು ಉಲ್ಲೇಖಿಸಬಹುದು.

ಕೃತಿಚೌರ್ಯ ಪತ್ತೆಯ ತಂತ್ರಾಂಶ ಇದನ್ನೆಲ್ಲ ಹಿಡಿಯುತ್ತದಲ್ಲ ಎಂಬ ಭರವಸೆ ಕೆಲವರಿಗಿದೆ. ಯುಜಿಸಿಯ 2018ರ ನಿಯಮಗಳು ಪ್ರಬಂಧದ ಬರಹ ಬೇರೆಯವರ ಬರಹವನ್ನು ಶೇಕಡ ಎಷ್ಟು ಹೋಲುತ್ತದೆ ಎಂದು ನೋಡುತ್ತವೆ. ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆದರೆ ಎಲ್ಲಿಯೂ ಅಚ್ಚಾಗದ 22 ಅಂಕಿಗಳನ್ನು ಹೋಲಿಸಿ ನೋಡಲು ತಂತ್ರಾಂಶದ ಬಳಿ ಏನೂ ಇರುವುದಿಲ್ಲ. ವರದಿ ಸೊನ್ನೆ ತೋರಿಸಿದರೂ ಅಂಕಿಗಳು ಬೇರೆಯವರವಾಗಿರಬಹುದು.

ಅಸ್ಪಷ್ಟ ಮನ್ನಣೆಯಿಂದ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಉದಾಹರಣೆಯೇ ಇದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಯೋಗಾಲಯ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ ಒಂದು ವರದಿ ಕೊಟ್ಟಿತು. ಅದರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅಳೆದ ಡಿಎನ್ಎ ಹರಳಿನ ಅಂಕಿಗಳಿದ್ದವು. ಮಂಡಳಿಯ ಸಮಿತಿಯಲ್ಲಿದ್ದ ಮ್ಯಾಕ್ಸ್ ಪೆರುಟ್ಜ್ ಆ ವರದಿಯನ್ನು ಕೇಂಬ್ರಿಜ್‌ನ ತಮ್ಮ ಸಹೋದ್ಯೋಗಿಗಳಿಗೆ ಕೊಟ್ಟರು. ಅಲ್ಲಿ ಫ್ರಾನ್ಸಿಸ್ ಕ್ರಿಕ್ ಕೂಡ ಆಗ ಪಿಎಚ್.ಡಿ. ವಿದ್ಯಾರ್ಥಿಯೇ. ಹರಳಿನ ಸಮಮಿತಿಯ ವಿವರ ಓದಿದೊಡನೆ ಡಿಎನ್ಎಯ ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಓಡುತ್ತವೆ ಎಂದು ಅವರಿಗೆ ಹೊಳೆಯಿತು. 1953ರ ಏಪ್ರಿಲ್ 25ರಂದು ‘ನೇಚರ್’ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನ ಬಂದಾಗ, ವಿಲ್ಕಿನ್ಸ್, ಫ್ರಾಂಕ್ಲಿನ್ ಮತ್ತು ಅವರ ಸಂಗಡಿಗರ ಅಪ್ರಕಟಿತ ಫಲಿತಾಂಶಗಳ ಸ್ಥೂಲ ಪರಿಚಯ ತಮಗೆ ಪ್ರೇರಣೆ ನೀಡಿತು ಎಂದಷ್ಟೇ ಕೊನೆಯಲ್ಲಿತ್ತು. ಯಾವ ಅಳತೆ ಯಾವ ತೀರ್ಮಾನಕ್ಕೆ ದಾರಿಯಾಯಿತೆಂದು ಅದು ಹೇಳಲಿಲ್ಲ. ಕಿಂಗ್ಸ್ ಕಾಲೇಜಿನ ದತ್ತಾಂಶವಿಲ್ಲದೆ ತಮ್ಮ ರಚನೆ ತೀರಾ ಅಸಂಭವ, ಬಹುಶಃ ಅಸಾಧ್ಯವೇ ಆಗುತ್ತಿತ್ತು ಎಂಬರ್ಥದ ಮಾತನ್ನು ಅವರು ಬರೆದದ್ದು 1954ರ ಲೇಖನದಲ್ಲಿ. ವರದಿ ಗೋಪ್ಯವಾಗಿರಲಿಲ್ಲ ಎಂದು ಪೆರುಟ್ಜ್ 1969ರಲ್ಲಿ ವಿವರಣೆ ಕೊಟ್ಟರು. ಅದು ನಿಜ. ಆದರೆ ಗೋಪ್ಯವಲ್ಲದ ವರದಿ ಕೈಗೆ ಸಿಗುವುದು ಬೇರೆ, ಅದನ್ನು ಬಳಸಲು ಅಳೆದವರನ್ನು ಕೇಳುವುದು ಬೇರೆ. ಲ್ಯಾಬಿನ ಎಲ್ಲರೂ ತೆರೆಯಬಹುದಾದ ಕಂಪ್ಯೂಟರಿನಲ್ಲಿರುವ ಫೈಲಿಗೂ ಈ ಮಾತು ಅನ್ವಯಿಸುತ್ತದೆ. ಒಂದು ಅಡಿಟಿಪ್ಪಣಿ ಆಗಲೇ ಸ್ಪಷ್ಟವಾಗಿದ್ದಿದ್ದರೆ ಎಪ್ಪತ್ತು ವರ್ಷಗಳ ವಾದವಿವಾದದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ನಂಬಿಕೆ.

ಪತ್ರದ ಇನ್ನೊಂದು ಪ್ರಶ್ನೆ ಸಹಲೇಖಕರದ್ದು. ಎಂ.ಎಸ್ಸಿ. ಪ್ರಬಂಧಕ್ಕೆ ಒಬ್ಬರೇ ಲೇಖಕರು, ಅಲ್ಲಿ ಕೋಷ್ಟಕದ ಟಿಪ್ಪಣಿ ಸಾಕು. ಲೇಖನವಾದರೆ ಲೆಕ್ಕ ಬೇರೆ. ಮೇಲೆ ಹೇಳಿದ ಸಮಿತಿಯ ಪ್ರಕಾರ ಲೇಖಕರು ಯೋಜನೆ, ದತ್ತಾಂಶ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು ಹೊಂದಿರಬೇಕು, ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಭಾಗವಹಿಸಬೇಕು, ಕೊನೆಯ ಕರಡನ್ನು ಒಪ್ಪಬೇಕು, ಕೆಲಸಕ್ಕೆ ಹೊಣೆಯಾಗಬೇಕು. ಕೆಲವರು ಇದನ್ನು ತಲೆಕೆಳಗಾಗಿ ಬಳಸುತ್ತಾರೆ. ಆಕೆ ಕರಡು ತಿದ್ದಿಲ್ಲ, ಹಾಗಾಗಿ ಲೇಖಕಿಯಲ್ಲ ಎನ್ನುತ್ತಾರೆ, ಕರಡನ್ನು ಮಾತ್ರ ಆಕೆಗೆ ತೋರಿಸಿಯೇ ಇರುವುದಿಲ್ಲ. ಮೊದಲ ಅರ್ಹತೆ ಇರುವವರಿಗೆ ಉಳಿದವುಗಳಲ್ಲಿ ಭಾಗವಹಿಸುವ ಅವಕಾಶ ಕೊಡಬೇಕೆಂದು ಅದೇ ಸಮಿತಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಕೋಷ್ಟಕದ ಅರ್ಧ ಅಕ್ಕನದು, ವಿಧಾನದ ದೋಷ ಗೊತ್ತಾದದ್ದೂ ಅಕ್ಕನಿಂದ. ನಾನು ಗೈಡ್ ಆಗಿದ್ದರೆ ಆಕೆಯನ್ನು ಬರೆಯಲು ಕರೆಯುತ್ತಿದ್ದೆ. ಅವರೇ ಬೇಡವೆಂದರೆ ಮಾತ್ರ ಕೃತಜ್ಞತೆಗೆ ಬಿಡುತ್ತಿದ್ದೆ. ಒಂದೆರಡು ಬಾವಿಗಳ ಅಂಕಿಯನ್ನು ಹೋಲಿಕೆಗಾಗಿ ಬಳಸಿದ್ದಿದ್ದರೆ ಟಿಪ್ಪಣಿಯೇ ಸಾಕಾಗುತ್ತಿತ್ತು.

ಅಕ್ಕ ಒಪ್ಪದಿದ್ದರೆ? ‘ನನ್ನ ಥೀಸಿಸ್ ಸಲ್ಲಿಸುವವರೆಗೆ ಬೇಡ ಕಣೇ’ ಎಂದರೆ ಅದು ನ್ಯಾಯವಾದ ಮಾತು. ಆಗ ಆ ಅಂಕಿಗಳನ್ನಷ್ಟೇ ಅಲ್ಲ, ಅವುಗಳಿಂದ ತಿಳಿದ ತೀರ್ಮಾನವನ್ನೂ ಬಿಡಬೇಕು. ‘ಮಳೆಗೆ ಮುಂಚೆ ಫ್ಲೋರೈಡ್ ಕಡಿಮೆಯಿತ್ತೆಂದು ತಿಳಿದುಬಂದಿದೆ’ ಎಂದು ಅಂಕಿಯಿಲ್ಲದೆ ಬರೆದರೂ ಅದು ಆಕೆಯ ಕೆಲಸವೇ. ತಂಗಿ ತನ್ನ 22 ಬಾವಿಗಳ ನವೆಂಬರ್ ಅಳತೆಯನ್ನು ಮಾನಕದ ಮಿತಿಯೊಂದಿಗೆ ಹೋಲಿಸಿ ಅಧ್ಯಾಯ ಮುಗಿಸಬಹುದು. ಮಳೆಗೆ ಮುಂಚಿನ ಅಳತೆ ಈ ಅಧ್ಯಯನದಲ್ಲಿ ಸೇರಿಲ್ಲವಾದ್ದರಿಂದ ಋತುವಿನ ಪರಿಣಾಮವನ್ನು ಹೇಳಲಾಗದು ಎಂದು ಮಿತಿಗಳ ಭಾಗದಲ್ಲಿ ಬರೆಯಬಹುದು. ಸಮಯವಿದ್ದರೆ ಬರುವ ಮೇ ತಿಂಗಳಲ್ಲಿ ತಾನೇ ಪಾವಗಡಕ್ಕೆ ಹೋಗಿ ಅದೇ ಬಾವಿಗಳ ನೀರು ತರಬಹುದು.