ಟಿಕ್ಯುಎಂ ಮತ್ತು ಸಿಕ್ಸ್ ಸಿಗ್ಮಾ: ಉತ್ತರದ ಆಯ್ಕೆಗಳಲ್ಲಿ ಅಡಗಿರುವ ವ್ಯತ್ಯಾಸ

ವಾಣಿಜ್ಯ ಪರೀಕ್ಷೆಗಳಲ್ಲಿಯೂ ಉದ್ಯಮಗಳ ತರಬೇತಿ ಶಿಬಿರಗಳ ರಸಪ್ರಶ್ನೆಗಳಲ್ಲಿಯೂ ಸಮಗ್ರ ಗುಣಮಟ್ಟ ನಿರ್ವಹಣೆ, ಅಂದರೆ ಟಿಕ್ಯುಎಂ, ಮತ್ತು ಸಿಕ್ಸ್ ಸಿಗ್ಮಾ ಕುರಿತ ಪ್ರಶ್ನೆಗಳು ಮೇಲಿಂದ ಮೇಲೆ ಬರುತ್ತವೆ. ಎರಡರ ಗುರಿಯೂ ಗುಣಮಟ್ಟವೇ ಆದುದರಿಂದ ನಾಲ್ಕು ಆಯ್ಕೆಗಳೂ ಸರಿಯೆಂಬಂತೆ ತೋರುತ್ತವೆ. ಖರೀದಿದಾರ ಕಂಪನಿಗಳು ಬಿಡಿಭಾಗ ತಯಾರಕರಿಂದ 'ಸಿಗ್ಮಾ ಮಟ್ಟ' ಕೇಳಿದಾಗಲೂ ಇದೇ ಗೊಂದಲ ಎದುರಾಗುತ್ತದೆ. ಆದುದರಿಂದ ಮೂರು ಮಾದರಿ ಪ್ರಶ್ನೆಗಳ ಮೂಲಕ ಈ ವ್ಯತ್ಯಾಸವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಶ್ನೆ 1: ಇವುಗಳಲ್ಲಿ ಸಿಕ್ಸ್ ಸಿಗ್ಮಾಕ್ಕೆ ವಿಶಿಷ್ಟವಾದುದು ಯಾವುದು?
(ಅ) ಗ್ರಾಹಕರ ತೃಪ್ತಿ
(ಆ) ನಿರಂತರ ಸುಧಾರಣೆ
(ಇ) ಎಲ್ಲ ನೌಕರರ ಪಾಲ್ಗೊಳ್ಳುವಿಕೆ
(ಈ) ಬ್ಲ್ಯಾಕ್ ಬೆಲ್ಟ್ ಪಡೆದವರ ನೇತೃತ್ವದ ಯೋಜನೆ

ಸರಿಯುತ್ತರ (ಈ). ಗ್ರಾಹಕರ ತೃಪ್ತಿ ಎರಡಕ್ಕೂ ಸಮಾನವಾದುದರಿಂದ ಅದು ವ್ಯತ್ಯಾಸವನ್ನು ಸೂಚಿಸುವುದಿಲ್ಲ. (ಆ) ಮತ್ತು (ಇ) ಟಿಕ್ಯುಎಂನ ಮೂಲ ಲಕ್ಷಣಗಳು. ಡೆಮಿಂಗ್, ಜುರಾನ್, ಇಶಿಕಾವಾ ಮೊದಲಾದವರ ಚಿಂತನೆಯಿಂದ ಬೆಳೆದ ಟಿಕ್ಯುಎಂ ಇಡೀ ಸಂಸ್ಥೆಯನ್ನು ವ್ಯಾಪಿಸುವ ಕಾರ್ಯಪದ್ಧತಿ. ಅದಕ್ಕೆ ಮುಕ್ತಾಯದ ದಿನವಿಲ್ಲ. 1980ರ ದಶಕದಲ್ಲಿ ಮೊಟೊರೋಲಾ ಕಂಪನಿಯಲ್ಲಿ ರೂಪುಗೊಂಡ ಸಿಕ್ಸ್ ಸಿಗ್ಮಾ ಒಂದು ನಿರ್ದಿಷ್ಟ ಪ್ರಕ್ರಿಯೆಯನ್ನು ಆರಿಸಿಕೊಂಡು, ಸಮಸ್ಯೆಯ ನಿರೂಪಣೆ, ಅಳತೆ, ವಿಶ್ಲೇಷಣೆ, ಸುಧಾರಣೆ ಮತ್ತು ನಿಯಂತ್ರಣ ಎಂಬ ಐದು ಹಂತಗಳಲ್ಲಿ ಸಾಗಿ, ಗೊತ್ತಾದ ಅವಧಿಯಲ್ಲಿ ಮುಗಿಯುವ ಯೋಜನೆ.

ಪ್ರಶ್ನೆ 2: ಸಿಕ್ಸ್ ಸಿಗ್ಮಾ ಮಟ್ಟವೆಂದರೆ ಏನು?
(ಅ) ಶೂನ್ಯ ದೋಷ
(ಆ) ಶೇಕಡಾ 6ರಷ್ಟು ದೋಷ
(ಇ) ದಶಲಕ್ಷ ಅವಕಾಶಗಳಿಗೆ 3.4 ದೋಷ
(ಈ) ಆರು ಬಾರಿ ತಪಾಸಣೆ

ಸರಿಯುತ್ತರ (ಇ). ಹೆಚ್ಚಿನವರು ಎಡವುವುದು (ಅ) ಆಯ್ಕೆಯಲ್ಲಿ. ಶೂನ್ಯ ದೋಷವು ಫಿಲಿಪ್ ಕ್ರಾಸ್ಬಿ ಪ್ರಚುರಪಡಿಸಿದ ಪರಿಕಲ್ಪನೆ. ಟಿಕ್ಯುಎಂ ಚಿಂತನೆಯ ಸಾಲಿಗೆ ಸೇರಿದ್ದು. ಅದು ಮನೋಧರ್ಮದ ಮಾತು. 3.4 ಎಂಬುದು ಅಳೆಯಬಹುದಾದ ಸಂಖ್ಯೆ.

ಪ್ರಶ್ನೆ 3: ಒಂದು ಘಟಕವು 500 ಬುಷ್‌ಗಳನ್ನು ತಯಾರಿಸಿದೆ. ಪ್ರತಿಯೊಂದರಲ್ಲಿ ಒಳವ್ಯಾಸ, ಹೊರವ್ಯಾಸ, ಉದ್ದ, ಮೇಲ್ಮೈ ಎಂಬ 4 ಅಂಶಗಳ ತಪಾಸಣೆಯಾಗಿದೆ. 24 ಬುಷ್‌ಗಳಲ್ಲಿ ಒಟ್ಟು 30 ದೋಷಗಳು ಕಂಡುಬಂದಿವೆ. ದಶಲಕ್ಷ ಅವಕಾಶಗಳಿಗೆ ದೋಷಗಳೆಷ್ಟು?
(ಅ) 48,000
(ಆ) 60,000
(ಇ) 15,000
(ಈ) 3.4

500 ಬುಷ್‌ಗಳಿಗೆ ತಲಾ 4ರಂತೆ ದೋಷ ಸಂಭವಿಸಬಹುದಾದ ಅವಕಾಶಗಳು 2,000. 30ನ್ನು 2,000ದಿಂದ ಭಾಗಿಸಿ ದಶಲಕ್ಷದಿಂದ ಗುಣಿಸಿದರೆ 15,000 ಬರುತ್ತದೆ; ಸರಿಯುತ್ತರ (ಇ). ರೂಢಿಯ ಕೋಷ್ಟಕದಂತೆ ಇದು ಸುಮಾರು 3.7 ಸಿಗ್ಮಾ ಮಟ್ಟ. (ಅ) ತಿರಸ್ಕೃತ ಬುಷ್‌ಗಳ ಪ್ರಮಾಣ. (ಆ) ಅವಕಾಶಗಳನ್ನು ಗಣಿಸದೆ ದೋಷಗಳನ್ನು ಬುಷ್‌ಗಳ ಸಂಖ್ಯೆಯಿಂದ ಭಾಗಿಸಿದ ಲೆಕ್ಕ. ಎರಡೂ ನಿಜವಾದ ಅಳತೆಗಳೇ, ಆದರೆ ಕೇಳಿದ ಅಳತೆಗಳಲ್ಲ.

ಸಂಖ್ಯೆಯ ಹಿಂದಿರುವ ಎಚ್ಚರಿಕೆ

ಇದೇ ಬುಷ್‌ಗೆ 4ರ ಬದಲು 20 ಅಂಶಗಳನ್ನು ಪಟ್ಟಿ ಮಾಡಿದರೆ ಅವಕಾಶಗಳು 10,000 ಆಗುತ್ತವೆ. ಹೊಸದಾಗಿ ಸೇರಿಸಿದ ಅಂಶಗಳಲ್ಲಿ ದೋಷವಿಲ್ಲದಿದ್ದರೆ ಅವೇ 30 ದೋಷಗಳು ದಶಲಕ್ಷಕ್ಕೆ 3,000ಕ್ಕೆ ಇಳಿಯುತ್ತವೆ. ಸಿಗ್ಮಾ ಮಟ್ಟ ಸುಮಾರು 4.2ಕ್ಕೆ ಏರುತ್ತದೆ. ಆದರೆ ತಿರಸ್ಕೃತವಾದ ಬುಷ್‌ಗಳು ಆಗಲೂ 24 ಮಾತ್ರವೇ. ಲೆಕ್ಕಪುಸ್ತಕದಲ್ಲಿನ ನಷ್ಟದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಆದುದರಿಂದ ಸಿಗ್ಮಾ ಮಟ್ಟವನ್ನು ಕೊಡುವವರೂ ಪಡೆಯುವವರೂ ಅವಕಾಶಗಳ ಪಟ್ಟಿಯನ್ನು ಹಾಗೂ ತಿರಸ್ಕೃತ ವಸ್ತುಗಳ ಸಂಖ್ಯೆಯನ್ನು ಜೊತೆಯಲ್ಲಿಯೇ ನೋಡತಕ್ಕದ್ದು. ಪಟ್ಟಿಯಲ್ಲಿ ಗ್ರಾಹಕನಿಗೆ ಮುಖ್ಯವಾದ ಅಂಶಗಳಷ್ಟೇ ಇರಬೇಕು.

ಸಣ್ಣ ಘಟಕಗಳಿಗೆ ಇನ್ನೊಂದು ಮಿತಿಯೂ ಇದೆ. 2,000 ಅವಕಾಶಗಳ ಒಂದು ಕಂತಿನಲ್ಲಿ ಒಂದೇ ದೋಷ ಕಂಡರೂ ಅದು ದಶಲಕ್ಷಕ್ಕೆ 500 ಆಗುತ್ತದೆ; ದೋಷವೇ ಕಾಣದಿದ್ದರೂ 3.4ರ ಮಟ್ಟ ಸಿದ್ಧಿಸಿತೆಂದು ಹೇಳಲಾಗದು. ಅಂತಹ ಘಟಕವು ಹಲವು ತಿಂಗಳ ಅಂಕಿ-ಅಂಶಗಳನ್ನು ಕೂಡಿಸಿ, 15,000ವು ಮುಂದಿನ ತ್ರೈಮಾಸಿಕದಲ್ಲಿ ಎಷ್ಟಕ್ಕೆ ಇಳಿಯಿತೆಂದು ನೋಡುವುದು ಹೆಚ್ಚು ಪ್ರಯೋಜನಕಾರಿ.

30 ದೋಷಗಳಲ್ಲಿ ಬಹುಪಾಲು ಒಳವ್ಯಾಸದ್ದೇ ಆಗಿದ್ದರೆ, ಆ ಒಂದು ಯಂತ್ರದ ಕೆಲಸವನ್ನು ಅಳೆದು ಕಾರಣ ಕಂಡುಹಿಡಿದು ಸರಿಪಡಿಸುವುದು ಸಿಕ್ಸ್ ಸಿಗ್ಮಾದ ಕಾರ್ಯ. ಸವೆದ ಉಪಕರಣವನ್ನು ಕಂಡ ಕೂಡಲೇ ಕೆಲಸಗಾರನು ತಾನಾಗಿಯೇ ಯಂತ್ರ ನಿಲ್ಲಿಸಿ ತಿಳಿಸುವ ವಾತಾವರಣವನ್ನು ನಿರ್ಮಿಸುವುದು ಟಿಕ್ಯುಎಂನ ಕಾರ್ಯ. ಎರಡನೆಯದು ಇಲ್ಲದಿದ್ದಲ್ಲಿ, ಯೋಜನೆ ಮುಗಿದ ಕೆಲವೇ ತಿಂಗಳುಗಳಲ್ಲಿ ಹಳೆಯ ದೋಷಗಳು ಮರಳಿ ತಲೆದೋರುವ ಸಂಭವವಿರುತ್ತದೆ.