ಕುಗ್ಗಿದ ನಕ್ಷೆಯಿಂದ ಬಿಟ್ಟುಹೋದ ಅಳತೆ ತೆಗೆಯುವುದು

ಮನೆಯ ನಕ್ಷೆಯಲ್ಲಿ ಹಾಲ್, ರೂಮು, ಅಡುಗೆಮನೆಗಳ ಉದ್ದಗಲ ಬರೆದಿರುತ್ತದೆ; ನಡುವಿನ ಬಚ್ಚಲಿನ ಅಗಲ ಮಾತ್ರ ಬಿಟ್ಟುಹೋಗಿರುತ್ತದೆ. ಮೂಲೆಯಲ್ಲಿ ‘ಸ್ಕೇಲ್ 1:100’ ಎಂದಿರುತ್ತದೆ. ಕಾಗದದ 1 ಮಿ.ಮೀ. ಎಂದರೆ ನೆಲದ ಮೇಲೆ 100 ಮಿ.ಮೀ. ಅಳತೆಪಟ್ಟಿ ಇಟ್ಟು ಅಳೆದು ನೂರರಿಂದ ಗುಣಿಸಿದರೆ ಬಚ್ಚಲಿನ ಅಗಲ ಸಿಗಬೇಕು. ಸಿಗುತ್ತದೆ ಕೂಡ, ನಕ್ಷೆಯನ್ನು ಬರೆದ ಗಾತ್ರದಲ್ಲೇ ಪ್ರಿಂಟ್ ತೆಗೆದಿದ್ದರೆ.

ಈಗ ನಕ್ಷೆ ವಾಟ್ಸ್ಯಾಪ್‌ನಲ್ಲಿ ಬರುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆಗುತ್ತದೆ. ಎ3 ಹಾಳೆಗೆಂದು ಬರೆದದ್ದನ್ನು ಎ4 ಹಾಳೆಗೆ ಹೊಂದಿಸಿದಾಗ ಪ್ರತಿ ಗೆರೆಯೂ ಸುಮಾರು ಶೇ 71ಕ್ಕೆ ಇಳಿಯುತ್ತದೆ. ಮೂಲೆಯ 1:100 ಮಾತ್ರ ಹಾಗೆಯೇ ಉಳಿದು, ಸುಳ್ಳು ಹೇಳತೊಡಗುತ್ತದೆ. ಆದ್ದರಿಂದ ಗೊತ್ತಿಲ್ಲದ ಅಳತೆಯನ್ನು ಮುಟ್ಟುವ ಮೊದಲು ಗೊತ್ತಿರುವ ಒಂದನ್ನು ಅಳೆದು ನೋಡಬೇಕು.

30x40 ಸೈಟಿನ ಒಂದು ನಕ್ಷೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸೈಟಿನ ಉದ್ದ 40 ಅಡಿ, ಅಂದರೆ 12,192 ಮಿ.ಮೀ. ಸ್ಕೇಲ್ ನಿಜವಾಗಿದ್ದರೆ ಕಾಗದದ ಮೇಲೆ ಅದು ಸುಮಾರು 122 ಮಿ.ಮೀ. ಇರಬೇಕು. ಅಳತೆಪಟ್ಟಿ ತೋರಿಸುವುದು 86. ಹಾಗಾದರೆ ಈ ಹಾಳೆಯ ನಿಜವಾದ ಸ್ಕೇಲ್ 12,192 ಭಾಗಿಸು 86, ಸುಮಾರು 1:142. ಅಷ್ಟಕ್ಕೇ ನಿಲ್ಲಿಸದೆ ಅಡ್ಡದಿಕ್ಕನ್ನೂ ನೋಡಬೇಕು; ಕೆಲವು ಪ್ರಿಂಟುಗಳು ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತವೆ. ಇಲ್ಲಿ 30 ಅಡಿ, ಅಂದರೆ 9,144 ಮಿ.ಮೀ., ಕಾಗದದ ಮೇಲೆ 64.5 ಬಂದಿದೆ. ಭಾಗಿಸಿದರೆ ಮತ್ತೆ 142ರ ಹತ್ತಿರವೇ. ನಕ್ಷೆ ಎರಡೂ ಕಡೆ ಸಮನಾಗಿ ಕುಗ್ಗಿದೆ, ನಂಬಬಹುದು. ಪರೀಕ್ಷೆಗೆ ಯಾವಾಗಲೂ ಹಾಳೆಯ ಅತಿ ಉದ್ದದ ಅಳತೆಯನ್ನೇ ಆರಿಸಿಕೊಳ್ಳಿ. ಕಣ್ಣು ಅರ್ಧ ಮಿ.ಮೀ. ತಪ್ಪಿದರೂ 86ರಲ್ಲಿ ಅದು ದೊಡ್ಡದಲ್ಲ.

ಈಗ ಬಚ್ಚಲು. ಗೋಡೆಯ ಒಳಮುಖದಿಂದ ಒಳಮುಖಕ್ಕೆ 8.5 ಮಿ.ಮೀ. ಬರೆದಿರುವ ಸ್ಕೇಲ್ ನಂಬಿದ್ದರೆ 850 ಮಿ.ಮೀ., ಅಂದರೆ ಎರಡೂಮುಕ್ಕಾಲು ಅಡಿಗಿಂತ ತುಸು ಹೆಚ್ಚು. ಎರಡೂವರೆ ಅಡಿಯ ಬಾಗಿಲನ್ನು ಚೌಕಟ್ಟಿನ ಸಮೇತ ಕೂರಿಸುವುದೇ ಕಷ್ಟ. ಇಂಥ ಅಸಂಗತ ಉತ್ತರವೇ ಸ್ಕೇಲ್ ಕೆಟ್ಟಿದೆ ಎಂಬುದಕ್ಕೆ ಒಳ್ಳೆಯ ಸುಳಿವು. 142ರಿಂದ ಗುಣಿಸಿದರೆ 1,207 ಮಿ.ಮೀ., ಹೆಚ್ಚುಕಡಿಮೆ ನಾಲ್ಕು ಅಡಿ.

ನಾಲ್ಕು ಅಡಿಯೇ ಎಂದು ಖಚಿತವಾಗಿ ಹೇಳಲು ಈ ಲೆಕ್ಕವೊಂದೇ ಸಾಲದು. ಇಲ್ಲಿ ಅಳೆಯುವಾಗ ಅರ್ಧ ಮಿ.ಮೀ. ಆಚೀಚೆಯಾದರೆ ಗೋಡೆ 71 ಮಿ.ಮೀ. ಸರಿಯುತ್ತದೆ, ಹತ್ತಿರಹತ್ತಿರ ಮೂರು ಇಂಚು. ಗೆರೆಯ ದಪ್ಪವೇ ಅದರಲ್ಲಿ ಒಂದಿಷ್ಟನ್ನು ನುಂಗುತ್ತದೆ. ನಕ್ಷೆಯನ್ನು ಪಟ್ಟಿಯಿಂದ ಅಳೆದು ಕಟ್ಟಬೇಡಿ, ಬರೆದಿರುವ ಅಳತೆಯನ್ನೇ ಅನುಸರಿಸಿ ಎಂದು ಅನೇಕ ನಕ್ಷೆಗಳಲ್ಲಿ ಎಚ್ಚರಿಕೆ ಇರುವುದು ಇದಕ್ಕೇ. ಗೆರೆಯನ್ನು ಸರಿಸದೆ ಅಂಕಿಯನ್ನಷ್ಟೇ ತಿದ್ದಿದ ನಕ್ಷೆಗಳೂ ಇರುತ್ತವೆ. ಅಲ್ಲಿ ಪಟ್ಟಿ ಎಷ್ಟು ನಿಖರವಾಗಿದ್ದರೂ ಉತ್ತರ ತಪ್ಪು.

ಆದ್ದರಿಂದ ಪಟ್ಟಿ ಕೊಟ್ಟ ಉತ್ತರವನ್ನು ಬರೆದಿರುವ ಅಂಕಿಗಳ ಜೊತೆ ತಾಳೆ ನೋಡಬೇಕು. ನಮ್ಮ ನಕ್ಷೆಯಲ್ಲಿ ಆ ಸಾಲಿನ ಹೊರಗಿನಿಂದ ಹೊರಗಿನ ಒಟ್ಟು ಅಗಲ 24 ಅಡಿ, ಅಂದರೆ 288 ಇಂಚು. ರೂಮು 10 ಅಡಿ 6 ಇಂಚು, ಅಡುಗೆಮನೆ 7 ಅಡಿ 3 ಇಂಚು. ಎರಡೂ ಸೇರಿ 213 ಇಂಚು. ಎರಡು ಹೊರಗೋಡೆ ಒಂಬತ್ತೊಂಬತ್ತು ಇಂಚು, ಎರಡು ನಡುಗೋಡೆ ನಾಲ್ಕೂವರೆ ಇಂಚು, ಒಟ್ಟು 27. ಕಳೆದರೆ ಉಳಿಯುವುದು 48 ಇಂಚು, ಸರಿಯಾಗಿ ನಾಲ್ಕು ಅಡಿ. ಗೋಡೆಯ ದಪ್ಪವನ್ನು ಮರೆತಿದ್ದರೆ ಬಚ್ಚಲು ಆರೂಕಾಲು ಅಡಿ ಆಗಿಬಿಡುತ್ತಿತ್ತು. ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ.

ಎರಡು ದಾರಿಯ ಉತ್ತರಗಳೂ ಅರ್ಧ ಇಂಚಿನೊಳಗೆ ಕೂಡಿವೆ, ಕೆಲಸಕ್ಕೆ 48 ಇಂಚನ್ನೇ ಹಿಡಿಯಬಹುದು. ಮೂರು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಗೋಡೆಯ ಕೆಲಸ ನಿಲ್ಲಿಸಿ, ನಕ್ಷೆ ಬರೆದ ಎಂಜಿನಿಯರರನ್ನೇ ಕೇಳಬೇಕು. ಹೊಸದಾಗಿ ಪ್ರಿಂಟ್ ತೆಗೆಯುವಾಗ ಎ3 ಹಾಳೆ ಹಾಕಿ, `Fit` ಬದಲು `Actual size` ಆರಿಸಿ ಎಂದು ಅಂಗಡಿಯವರಿಗೆ ಹೇಳಿ. ನಕ್ಷೆಯಲ್ಲಿ ಮೀಟರು ಗುರುತಿಸಿದ ಪಟ್ಟಿಯ ಚಿತ್ರವಿದ್ದರೆ ಇನ್ನೂ ಸುಲಭ: ಹಾಳೆಯ ಜೊತೆ ಅದೂ ಕುಗ್ಗುವುದರಿಂದ ಅದರ ಮಾತು ಕೆಡುವುದಿಲ್ಲ.

ಇನ್ನು ಈ 48 ಇಂಚು ಬರೀ ಇಟ್ಟಿಗೆಯಿಂದ ಇಟ್ಟಿಗೆಗೆ. ಎರಡೂ ಕಡೆ ಗಾರೆ, ಅದರ ಮೇಲೆ ಟೈಲ್ಸ್ ಬಂದಮೇಲೆ ಕೈಗೆ ಸಿಗುವ ಅಗಲ 46 ಇಂಚಿನ ಆಸುಪಾಸು. ಕಮೋಡು, ವಾಶ್ ಬೇಸಿನ್ ಖರೀದಿಸುವಾಗ ಲೆಕ್ಕ ಹಾಕಬೇಕಾದದ್ದು ಅದರ ಮೇಲೆ.